ಹತ್ತಿ ವಾಯಿದೆ: ರಾತ್ರಿ ಲೆಡ್ಜರ್‌ನಲ್ಲಿ ಹಣ ಕಡಿತವಾಗುವುದು ಹೇಗೆ?

ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲು ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಕೊಂಡು, ಅರಳೆ ಮಾಡಿ, ಸುಮಾರು 100 ಬೇಲು ಗೋದಾಮಿನಲ್ಲಿ ಇಟ್ಟಿದೆ ಎಂದುಕೊಳ್ಳಿ. ಗಿರಣಿಗೆ ಮಾರಲು ಇನ್ನೂ ತಿಂಗಳು ಬೇಕು. ಅಷ್ಟರಲ್ಲಿ ದರ ಬಿದ್ದರೆ ಗತಿಯೇನು ಎಂದು ಮಾಲೀಕರು ಸರಕುಗಳ ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ಒಂದು ಲಾಟ್ ಹತ್ತಿ ವಾಯಿದೆ, ಅಂದರೆ ಮುಂದಿನ ತಾರೀಖಿನ ಮಾಲಿಗೆ ಇಂದೇ ದರ ಗೊತ್ತುಮಾಡುವ ಕರಾರು, ಮಾರುತ್ತಾರೆ. ಲೆಕ್ಕ ಸರಿಯಾದದ್ದೇ. ಆದರೆ ನಾಲ್ಕೈದು ದಿನಗಳಲ್ಲಿ ಬ್ರೋಕರ್‌ನಿಂದ ಹಣ ಹಾಕಿ ಎಂದು ಫೋನ್ ಬರುತ್ತದೆ. ಮಾಲು ಮಾರಿಲ್ಲ, ವಾಯಿದೆಯನ್ನೂ ಮುಗಿಸಿಲ್ಲ, ಮತ್ತೇಕೆ ಹಣ? ಪ್ರತಿದಿನದ ಚುಕ್ತಾ ನಡೆಯುವ ರೀತಿ ಗೊತ್ತಿದ್ದರೆ ಈ ಫೋನ್ ಬರುವುದು ಮೊದಲೇ ತಿಳಿದಿರುತ್ತದೆ.

ಮೊದಲು ಮಾರ್ಜಿನ್

ಒಂದು ಲಾಟ್ ಎಂದರೆ 48 ಖಂಡಿ. ಖಂಡಿಗೆ 355.56 ಕಿಲೋ, ಒಟ್ಟು ಸುಮಾರು 17 ಟನ್ ಅರಳೆ. ಖಂಡಿಗೆ ₹56,000ರಂತೆ ಮಾರಿದರೆ ಕರಾರಿನ ಮೌಲ್ಯ ₹26,88,000. ಇಷ್ಟನ್ನೂ ಕಟ್ಟಬೇಕಿಲ್ಲ; ಮಾರ್ಜಿನ್ ಮಾತ್ರ ಸಾಕು. ಅದರ ಪ್ರಮಾಣವನ್ನು ಕ್ಲಿಯರಿಂಗ್ ಸಂಸ್ಥೆ ದರದ ಏರಿಳಿತ ನೋಡಿ ನಿಗದಿ ಮಾಡುತ್ತದೆ, ಆಗಾಗ ಬದಲಿಸುತ್ತದೆ. ಇಲ್ಲಿ ಲೆಕ್ಕಕ್ಕೆಂದು ಶೇ 12 ಹಿಡಿಯೋಣ: ₹3,22,560. ಆರ್ಡರ್ ಹಾಕುವ ಮೊದಲೇ ಇದು ಖಾತೆಯಲ್ಲಿರಬೇಕು.

ಮಾರ್ಜಿನ್ ಖರ್ಚಲ್ಲ, ಠೇವಣಿ. ಸೌದಾ ಮುಗಿದ ಮೇಲೆ ಬಿಡುಗಡೆಯಾಗುತ್ತದೆ. ದರದ ಏರಿಳಿತಕ್ಕೆ ತಕ್ಕಂತೆ ಪ್ರತಿದಿನ ಕೈಯಿಂದ ನಿಜವಾಗಿ ಹೋಗುವ, ಕೈಗೆ ನಿಜವಾಗಿ ಬರುವ ಹಣ ಬೇರೆ. ವಾಯಿದೆ ಮಾಡುವವರ ಬಾಯಲ್ಲಿ ಅದು ಎಂಟಿಎಂ. ನಮ್ಮ ಮಿಲ್ಲಿನವರು ಸ್ವಲ್ಪ ಹೆಚ್ಚೇ ಇರಲಿ ಎಂದು ₹3,40,000 ಹಾಕಿದ್ದಾರೆ.

ಚುಕ್ತಾ ದರ ಯಾವುದು?

ವಹಿವಾಟು ಮುಗಿದ ಮೇಲೆ ಆ ದಿನದ ಚುಕ್ತಾ ದರವನ್ನು ಎಕ್ಸ್‌ಚೇಂಜ್ ಪ್ರಕಟಿಸುತ್ತದೆ. ಪರದೆಯ ಮೇಲೆ ಕಂಡ ಕೊನೆಯ ದರವೇ ಇದು ಎಂದು ತಿಳಿಯುವುದು ತುಂಬ ಸಾಮಾನ್ಯವಾದ ತಪ್ಪು. ಕೊನೆಯ ಅರ್ಧ ಗಂಟೆಯಲ್ಲಿ ಆದ ಎಲ್ಲ ಸೌದೆಗಳ ಸರಾಸರಿಯನ್ನು, ಪ್ರತಿ ದರದಲ್ಲಿ ಎಷ್ಟು ಮಾಲು ಕೈಬದಲಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ತೆಗೆಯುತ್ತಾರೆ.

ಮೊದಲ ದಿನದ ಕೊನೆಯ ಅರ್ಧ ಗಂಟೆಯಲ್ಲಿ ಒಂದೊಂದು ಲಾಟಿನ 12 ಸೌದೆಗಳಾದವು: ₹56,160ಕ್ಕೆ ಆರು, ₹56,300ಕ್ಕೆ ನಾಲ್ಕು, ಕೊನೆಗೆ ₹56,360ಕ್ಕೆ ಎರಡು. ಸರಾಸರಿ ₹56,240. ದರ ಏರಿದರೆ ವಾಯಿದೆ ಮಾರಿದವರಿಗೆ ನಷ್ಟ. ಪರದೆ ನೋಡಿ ಮಲಗಿದವರು ಖಂಡಿಗೆ ₹360ರಂತೆ ₹17,280 ಹೋಯಿತು ಎಂದುಕೊಂಡಿರುತ್ತಾರೆ. ಬಿಲ್ಲಿನಲ್ಲಿ ಬರುವುದು ₹240ರಂತೆ ₹11,520.

ಅರ್ಧ ಗಂಟೆಯಲ್ಲಿ ಹತ್ತು ಸೌದೆಗಳೂ ಆಗದಿದ್ದರೆ ಆ ದಿನದ ಕೊನೆಯ ಹತ್ತು ಸೌದೆಗಳ ಸರಾಸರಿ ಹಿಡಿಯುತ್ತಾರೆ. ಹತ್ತಿಯಂಥ ವಿರಳ ವಹಿವಾಟಿನ ವಾಯಿದೆಯಲ್ಲಿ, ಅದರಲ್ಲೂ ದೂರದ ತಿಂಗಳಲ್ಲಿ, ಇದು ನೆನಪಿರಬೇಕು. ಮಧ್ಯಾಹ್ನದ ಸೌದೆಗಳೂ ರಾತ್ರಿಯ ಚುಕ್ತಾ ದರದೊಳಗೆ ಸೇರಿಕೊಂಡಿರಬಹುದು.

ನಾಲ್ಕು ದಿನದ ಲೆಕ್ಕ

ಸೌದಾ ಮಾಡಿದ ದಿನ ಮಾತ್ರ ನಿಮ್ಮ ದರವನ್ನು ಚುಕ್ತಾ ದರದೊಂದಿಗೆ ಹೋಲಿಸುತ್ತಾರೆ. ಮರುದಿನದಿಂದ ನಿಮ್ಮ ಮೂಲ ದರ ಲೆಕ್ಕಕ್ಕೇ ಬರುವುದಿಲ್ಲ. ಹಿಂದಿನ ರಾತ್ರಿಯ ಚುಕ್ತಾ ದರಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವಷ್ಟೇ.

ಮೊದಲ ರಾತ್ರಿ ₹11,520 ಹೋಗಿ ಖಾತೆಯಲ್ಲಿ ₹3,28,480 ಉಳಿಯಿತು. ಎರಡನೇ ದಿನ ಚುಕ್ತಾ ದರ ₹56,900. ವ್ಯತ್ಯಾಸ ₹660, 48 ಖಂಡಿಗೆ ₹31,680 ನಷ್ಟ. ಖಾತೆ ₹2,96,800ಕ್ಕೆ ಇಳಿಯಿತು. ದರ ಏರಿದ್ದರಿಂದ ಬೇಕಾದ ಮಾರ್ಜಿನ್ ಕೂಡ ಏರಿ ₹3,27,744 ಆಯಿತು. ಕೊರತೆ ₹30,944. ಆ ಫೋನ್ ಬರುವುದು ಈಗ. ಖಾತೆಯಲ್ಲಿ ಸುಮಾರು ಮೂರು ಲಕ್ಷ ಇದೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಅದು ಮಾರ್ಜಿನ್‌ಗೆ ಮೀಸಲಾದ ಹಣ.

ಮಿಲ್ಲಿನವರು ಹಣ ಹಾಕಿದರು. ಮೂರನೇ ದಿನ ದರ ₹56,500ಕ್ಕೆ ಇಳಿದು ₹19,200 ಜಮಾ ಆಯಿತು. ನಾಲ್ಕನೇ ದಿನ ಬೇಲುಗಳಿಗೆ ಗಿರಾಕಿ ಸಿಕ್ಕಿ, ವಾಯಿದೆಯನ್ನು ₹56,700ಕ್ಕೆ ಮರಳಿ ಕೊಂಡು ಮುಗಿಸಿದರು: ₹9,600 ಖರ್ಚು. ನಾಲ್ಕೂ ದಿನ ಕೂಡಿಸಿದರೆ ನಿವ್ವಳ ನಷ್ಟ ₹33,600. ಮಾರಿದ್ದು ₹56,000ಕ್ಕೆ, ಕೊಂಡದ್ದು ₹56,700ಕ್ಕೆ; ₹700ನ್ನು 48ರಿಂದ ಗುಣಿಸಿದರೂ ಅಷ್ಟೇ. ನಿಮ್ಮ ಬಿಲ್ಲುಗಳನ್ನು ತಾಳೆ ನೋಡುವುದೂ ಹೀಗೆಯೇ. ದಿನದಿನದ ಮೊತ್ತಕ್ಕೂ ಈ ಗುಣಾಕಾರಕ್ಕೂ ಹೊಂದಿಕೆಯಾಗದಿದ್ದರೆ, ದಲಾಲಿ ಮತ್ತು ತೆರಿಗೆಗಳನ್ನು ಕಳೆದ ಮೇಲೂ ವ್ಯತ್ಯಾಸ ಉಳಿದರೆ, ಬ್ರೋಕರ್‌ನನ್ನು ಕೇಳಬೇಕು.

ಹಣ ಹಾಕದಿದ್ದರೆ

ಕೊರತೆಯನ್ನು ಮರುದಿನವೇ ತುಂಬಬೇಕು. ತುಂಬದಿದ್ದರೆ ದಂಡ: ಕೊರತೆ ₹1 ಲಕ್ಷಕ್ಕಿಂತಲೂ, ಬೇಕಾದ ಮಾರ್ಜಿನ್‌ನ ಶೇ 10ಕ್ಕಿಂತಲೂ ಕಡಿಮೆ ಇದ್ದರೆ ದಿನಕ್ಕೆ ಶೇ 0.5, ಎರಡರಲ್ಲಿ ಯಾವುದು ಮೀರಿದರೂ ಶೇ 1. ಮೂರು ದಿನಕ್ಕಿಂತ ಹೆಚ್ಚು ಸತತವಾಗಿ ಕೊರತೆ ಉಳಿದರೆ ನಾಲ್ಕನೇ ದಿನದಿಂದ ಶೇ 5. ನಮ್ಮ ₹30,944ಕ್ಕೆ ಮೊದಲು ದಿನಕ್ಕೆ ಸುಮಾರು ₹155, ಆಮೇಲೆ ಸುಮಾರು ₹1,547. ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಬ್ರೋಕರ್ ತಾನೇ ಸೌದಾ ಮುರಿಯಬಹುದು, ಅದೂ ದರ ನಿಮಗೆ ವಿರುದ್ಧವಾಗಿರುವ ಹೊತ್ತಿನಲ್ಲೇ. ಆಮೇಲೆ ದರ ಬಿದ್ದರೆ ಗೋದಾಮಿನ ಮಾಲಿಗೆ ರಕ್ಷಣೆಯೇ ಇರುವುದಿಲ್ಲ.

ಇನ್ನೊಂದು ತೊಡಕು ಬ್ಯಾಂಕಿನದು. ಬ್ರೋಕರ್ ನಗದು ಪಡೆಯುವಂತಿಲ್ಲ, ಬೇರೆಯವರ ಖಾತೆಯ ಹಣವನ್ನೂ ಪಡೆಯುವಂತಿಲ್ಲ. ವಾಯಿದೆ ಖಾತೆ ಫರ್ಮಿನ ಹೆಸರಿನಲ್ಲಿದ್ದು, ಪಾಲುದಾರರೊಬ್ಬರು ಅವಸರದಲ್ಲಿ ತಮ್ಮ ಸ್ವಂತ ಖಾತೆಯಿಂದ ಕಳಿಸಿದರೆ ಹಣ ವಾಪಸ್ಸಾಗುತ್ತದೆ, ಕೊರತೆ ಹಾಗೆಯೇ ಉಳಿಯುತ್ತದೆ.

ಮಾಲಿನ ಲಾಭ ಕೈಯಲ್ಲಿಲ್ಲ, ವಾಯಿದೆಯ ನಷ್ಟ ಇಂದೇ

ಜಿನ್ನಿಂಗ್‌ನವರು ಎಡವುವುದು ಇಲ್ಲೇ. ದರ ₹56,000ರಿಂದ ಶೇ 10 ಏರಿ ₹61,600 ಆಯಿತು ಎನ್ನಿ. ಒಂದು ಲಾಟಿಗೆ ₹2,68,800, ಐದು ಲಾಟಿಗೆ ₹13,44,000 ಎಂಟಿಎಂ ಕಟ್ಟಬೇಕು, ಮಾರ್ಜಿನ್ ಏರಿಕೆ ಬೇರೆ. ಗೋದಾಮಿನ 500 ಬೇಲುಗಳ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿರುತ್ತದೆ, ಒಟ್ಟಾರೆ ದೊಡ್ಡ ನಷ್ಟವಿಲ್ಲ. ಆದರೆ ಆ ಲಾಭ ಬೇಲು ಮಾರಿ ಗಿರಣಿಯವರು ಹಣ ಕೊಟ್ಟಾಗ ಬರುವಂಥದ್ದು. ಎಂಟಿಎಂ ಕಟ್ಟಬೇಕಾದದ್ದು ನಾಳೆ ಬೆಳಿಗ್ಗೆ. ಹತ್ತಿ ಆವಕ ಜೋರಾಗಿರುವಾಗ ಬ್ಯಾಂಕಿನ ಸಿಸಿ ಸಾಲದ ಖಾತೆಯ ಮಿತಿ ರೈತರಿಗೆ ಹಣ ಕೊಡುವುದರಲ್ಲೇ ತುಂಬಿರುತ್ತದೆ. ಹಾಗಾಗಿ ಎಷ್ಟು ಲಾಟ್ ಮಾರಬೇಕು ಎಂಬುದನ್ನು ಬೇಲುಗಳ ಲೆಕ್ಕದಿಂದ ಮಾತ್ರವಲ್ಲ, ಶೇ 10ರಷ್ಟು ಏರಿಕೆಯನ್ನು ತಡೆಯುವಷ್ಟು ಹಣ ಉಳಿದಿದೆಯೇ ಎಂದು ನೋಡಿ ನಿರ್ಧರಿಸುವುದು ಒಳ್ಳೆಯದು. ಇಲ್ಲದಿದ್ದರೆ ಅರ್ಧ ಮಾಲಿಗಷ್ಟೇ ವಾಯಿದೆ ಮಾರಿ.

ಕರಾರಿನ ಅವಧಿ ಮುಗಿಯುತ್ತ ಬಂದಾಗ ಡೆಲಿವರಿಗಾಗಿ ಮಾರ್ಜಿನ್ ಮತ್ತಷ್ಟು ಏರುತ್ತದೆ. ಕೊನೆಯವರೆಗೆ ಇಟ್ಟುಕೊಂಡರೆ ಮಾಲು ಕೊಡಬೇಕು, ಅದೂ ಎಕ್ಸ್‌ಚೇಂಜ್ ಮಾನ್ಯ ಮಾಡಿದ ಗೋದಾಮಿನಲ್ಲಿ, ಗುಣಮಟ್ಟದ ಪರೀಕ್ಷೆಯಾದ ಬೇಲುಗಳನ್ನು. ಮಿಲ್ಲಿನ ಅಂಗಳದ ಬೇಲುಗಳನ್ನು ತೋರಿಸಿದರೆ ನಡೆಯುವುದಿಲ್ಲ. ಮಾಲು ಕೊಡುವ ಇರಾದೆ ಇಲ್ಲದವರು ಡೆಲಿವರಿ ಅವಧಿ ಶುರುವಾಗುವ ದಿನಾಂಕವನ್ನು ಸುತ್ತೋಲೆಯಲ್ಲಿ ನೋಡಿಕೊಂಡು, ಅದಕ್ಕೆ ಮೊದಲೇ ಸೌದಾ ಮುಗಿಸಬೇಕು ಅಥವಾ ಮುಂದಿನ ತಿಂಗಳ ವಾಯಿದೆಗೆ ಬದಲಿಸಿಕೊಳ್ಳಬೇಕು.