ಉಳ್ಳಾಲದ ಮರಳಿನಿಂದ ಶುರುವಾಗುವ ಆಲ್ಫಾ ಲೆಕ್ಕ

ಮಂಗಳೂರಿನಲ್ಲಿ ಬಿಎಸ್ಸಿ ಮಕ್ಕಳಿಗೆ ಆಲ್ಫಾ ಕ್ಷಯದ ಪಾಠವನ್ನು ನಾನು ಉಳ್ಳಾಲದ ಮರಳಿನಿಂದಲೇ ಶುರುಮಾಡುತ್ತೇನೆ. ಭಾರವಾದ ಪರಮಾಣು ಬೀಜ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಆಲ್ಫಾ ಕಣವನ್ನು ಹೊರಚಿಮ್ಮಿ ಬೇರೆ ಧಾತುವಾಗುವುದೇ ಈ ಕ್ಷಯ. ಅದರಲ್ಲಿ ಬೆರೆತಿರುವ ಮೋನಜೈಟ್ ಕಣಗಳಲ್ಲಿ ಥೋರಿಯಂ-232 ಇದೆ. ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಥೋರಿಯಂನಿಂದ ಶುರುವಾಗುವ ಕ್ಷಯಸರಣಿಯ ಕೊನೆಯ ಹೊತ್ತಿಗೆ ಹುಟ್ಟುವ ಪೊಲೋನಿಯಂ-212ರ ಅರ್ಧಾಯು 0.3 ಮೈಕ್ರೋಸೆಕೆಂಡ್. ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ ಥೋರಿಯಂನಲ್ಲಿ 4.08 ಎಂಇವಿ, ಪೊಲೋನಿಯಂನಲ್ಲಿ 8.95. ಶಕ್ತಿ ಎರಡು ಪಟ್ಟಿಗಿಂತ ತುಸು ಹೆಚ್ಚಾದರೆ ಅರ್ಧಾಯು 10^24 ಪಟ್ಟು ಕುಗ್ಗುತ್ತದೆಯೇ?

ಈ ಕಡಿದಾದ ನಂಟನ್ನು ಗೈಗರ್ ಮತ್ತು ನಟಾಲ್ 1911ರಲ್ಲೇ ಗುರುತಿಸಿದ್ದರು. ಕಾರಣ ಸಿಕ್ಕಿದ್ದು 1928ರಲ್ಲಿ, ಗ್ಯಾಮೋ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ ಕ್ವಾಂಟಂ ಸುರಂಗ ಪರಿಣಾಮವನ್ನು ಬೀಜಕ್ಕೆ ಅನ್ವಯಿಸಿದಾಗ.

ಬೋರ್ಡಿನ ಮೇಲೆ ಮೊದಲು ತಡೆಗೋಡೆ ಬರೆಯುತ್ತೇನೆ. ಥೋರಿಯಂ ಬೀಜದ ಅಂಚು ಸುಮಾರು 9.2 ಫೆಮ್ಟೊಮೀಟರ್. ಅಲ್ಲಿ ವಿದ್ಯುತ್ ವಿಕರ್ಷಣೆಯ ಗೋಡೆ 27 ಎಂಇವಿಗೂ ಎತ್ತರ. ಆಲ್ಫಾ ಬಳಿ ಇರುವುದು 4.08. ಹತ್ತಿ ದಾಟಲು ಸಾಧ್ಯವೇ ಇಲ್ಲ. ಆದರೆ ಅದರ ಅಲೆ ಗೋಡೆಯೊಳಗೆ ಹೆಜ್ಜೆಹೆಜ್ಜೆಗೂ ಕ್ಷೀಣಿಸುತ್ತ ಆಚೆಗೂ ಒಂದಿಷ್ಟು ಉಳಿಯುತ್ತದೆ. ಗೋಡೆ ಮುಗಿಯುವ ದೂರ:

```
b = 2 × Z × 1.44 / Q
```

Z ಎಂದರೆ ಉಳಿದ ಬೀಜದ ಪರಮಾಣು ಸಂಖ್ಯೆ, Q ಎಂದರೆ ಎಂಇವಿಯಲ್ಲಿ ಕ್ಷಯದ ಶಕ್ತಿ. ಥೋರಿಯಂಗೆ 88 ಹಾಕಿದರೆ b 62 ಫೆಮ್ಟೊಮೀಟರ್, ಗೋಡೆಯ ದಪ್ಪ 53. ಪೊಲೋನಿಯಂಗೆ 82 ಹಾಕಿದರೆ b 26, ದಪ್ಪ 17 ಮಾತ್ರ. ಶಕ್ತಿ ಏರಿದಂತೆ ಗೋಡೆ ತೆಳುವಾಗುವುದಲ್ಲದೆ ಅದರೊಳಗಿನ ಕ್ಷೀಣತೆಯೂ ತಗ್ಗುತ್ತದೆ. ಇವೆರಡೂ ಘಾತಾಂಕದಲ್ಲಿ ಕೂಡುವುದರಿಂದಲೇ ಇಷ್ಟು ದೊಡ್ಡ ಅಂತರ. ಆ ಘಾತಾಂಕ:

```
2G = 2·√(2mQ)/ħ · b·[arccos√x − √(x(1−x))],   x = R/b
```

R ಎಂದರೆ ಬೀಜದ ಅಂಚಿನ ದೂರ, m ಆಲ್ಫಾ ಮತ್ತು ಉಳಿದ ಬೀಜದ ಸಂಕ್ಷೇಪಿತ ದ್ರವ್ಯರಾಶಿ, ħ 2πಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕ. ಥೋರಿಯಂಗೆ 2G ಸುಮಾರು 89, ಪೊಲೋನಿಯಂಗೆ 32. ದಾಟುವ ಸಂಭವ e^(−2G). ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಥೋರಿಯಂನ 2G ಏಳು ಸಾವಿರ ದಾಟಿ ಸಂಭವ ಸೊನ್ನೆ ಎಂದೇ ತೋರಿಸುತ್ತದೆ. ಮಕ್ಕಳ ಉತ್ತರದಲ್ಲಿ ಸೊನ್ನೆ ಕಂಡರೆ ನಾನು ಮೊದಲು ನೋಡುವುದು ಅದನ್ನೇ. ರೇಡಿಯನ್‌ಗೆ ಬದಲಿಸಿದರೆ 10^−39ರ ಆಸುಪಾಸಿನ ಸಂಖ್ಯೆ ಸಿಗುತ್ತದೆ.

ಆಲ್ಫಾ ಗೋಡೆಗೆ ಸೆಕೆಂಡಿಗೆ 10^21 ಸಲ ಬಡಿಯುತ್ತದೆ ಎಂದುಕೊಂಡರೆ ಥೋರಿಯಂನ ಅರ್ಧಾಯು 4 × 10^17 ಸೆಕೆಂಡ್, ಅಂದರೆ 1,300 ಕೋಟಿ ವರ್ಷ ಬರುತ್ತದೆ. ಪೊಲೋನಿಯಂಗೆ 0.1 ಮೈಕ್ರೋಸೆಕೆಂಡಿನ ಹತ್ತಿರ. ಅಳತೆ ಮಾಡಿದ್ದಕ್ಕಿಂತ ಮೂರು ನಾಲ್ಕು ಪಟ್ಟು ಕಡಿಮೆ ನಿಜ, ಆದರೆ 10^24ರ ಅಂತರದ ಮುಂದೆ ಅದು ಏನೂ ಅಲ್ಲ.

ಥೋರಿಯಂನ ಉತ್ತರ ಇಷ್ಟು ಚೆನ್ನಾಗಿ ಕೂಡಿಬಂತೆಂದು ಅತಿಯಾಗಿ ನಂಬಬೇಡಿ ಎಂದೂ ಹೇಳುತ್ತೇನೆ. ತ್ರಿಜ್ಯವನ್ನು ಅರ್ಧ ಫೆಮ್ಟೊಮೀಟರ್ ತಗ್ಗಿಸಿದರೆ ಅರ್ಧಾಯು ಎಂಟು ಪಟ್ಟು ಏರುತ್ತದೆ. ಬೀಜದೊಳಗೆ ಆಲ್ಫಾ ಮೊದಲೇ ಸಿದ್ಧವಾಗಿ ಕೂತಿದೆ ಎಂಬುದೂ ನಮ್ಮ ಊಹೆ. ಪ್ರೋಟಾನ್, ನ್ಯೂಟ್ರಾನ್ ಎರಡೂ ಸಮಸಂಖ್ಯೆಯಲ್ಲಿರುವ ಬೀಜಗಳಿಗೆ ಈ ಊಹೆ ಸಾಕು. ಯುರೇನಿಯಂ-235ರಂತೆ ಬೆಸ ನ್ಯೂಟ್ರಾನ್ ಇರುವಲ್ಲಿ ಕ್ಷಯ ಈ ಲೆಕ್ಕಕ್ಕಿಂತ ನಿಧಾನ.