ಚಕ್ಕುಲಿಗೆ ದರ ಕಟ್ಟಿದ್ದು, ಆರ್ಡರ್‌ಗೆ ಗಡಿ ಹಾಕಿದ್ದು

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಸಂಘದಲ್ಲಿ 12 ಜನ ಹೆಂಗಸರಿದ್ದೇವೆ. ಮೊದಲ ಸಲ ಚಕ್ಕುಲಿ, ಮಿಡಿ ಉಪ್ಪಿನಕಾಯಿ ಮಾರಲು ಹೊರಟಾಗ ವಾಟ್ಸಾಪ್‌ನಲ್ಲಿ ಹಾಕಿದ್ದು ಎರಡೇ ಸಾಲು: ‘ಮನೆಯಲ್ಲೇ ಮಾಡಿದ ರುಚಿಯಾದ ತಿಂಡಿ, ಉಪ್ಪಿನಕಾಯಿ ಸಿಗುತ್ತದೆ. ಬೇಕಾದವರು ಫೋನ್ ಮಾಡಿ.’

ಫೋನು ಬಂದವು, ಬರುತ್ತಲೇ ಇದ್ದವು. ಹತ್ತರಲ್ಲಿ ಎಂಟು ಜನ ಕೇಳಿದ್ದು ‘ರೇಟ್ ಎಷ್ಟು?’ ಅಂತ. ಮೂವರು ಮೂರು ಪುಸ್ತಕದಲ್ಲಿ ಆರ್ಡರ್ ಬರೆದುಕೊಂಡೆವು. ಒಬ್ಬರ ಹೆಸರು ಎರಡು ಪುಸ್ತಕದಲ್ಲಿ ಬಂತು, ಇನ್ನೊಬ್ಬರದ್ದು ಒಂದರಲ್ಲೂ ಇರಲಿಲ್ಲ. ಮಗಳ ಸೀಮಂತಕ್ಕೆ ಚಕ್ಕುಲಿ ಹೇಳಿದ್ದ ಅಮ್ಮ ಬಂದು ಬಾಗಿಲಲ್ಲಿ ನಿಂತಾಗ ನಮ್ಮ ಡಬ್ಬಿ ಖಾಲಿ. ಅವರ ಮುಖ ಇವತ್ತಿಗೂ ನೆನಪಿದೆ.

ಸಂಘದ ಸಭೆಯಲ್ಲಿ ಲೆಕ್ಕ ತೆಗೆದಾಗ ಇನ್ನೊಂದು ಬೇಜಾರು ಕಾದಿತ್ತು. ಪೇಟೆ ಬೇಕರಿಯಲ್ಲಿ ಚಕ್ಕುಲಿ ಕೆಜಿಗೆ 300 ರೂಪಾಯಿ ಇತ್ತು. ನಾವು ಸುಮ್ನೆ 20 ರೂಪಾಯಿ ಕಡಿಮೆ ಮಾಡಿ 280 ಇಟ್ಟಿದ್ದೆವು. ನಮ್ಮ ಖರ್ಚೆಷ್ಟು ಅಂತ ಯಾರೂ ಕೂಡಿಸಿ ನೋಡಿರಲಿಲ್ಲ.

ಅವತ್ತು ಕೂತು ಒಂದು ಒಬ್ಬೆಯ ಲೆಕ್ಕ ಬರೆದೆವು. 4 ಕೆಜಿ ಅಕ್ಕಿ 220 ರೂಪಾಯಿ, 1 ಕೆಜಿ ಉದ್ದಿನಬೇಳೆ 140, ಅರ್ಧ ಕೆಜಿ ಬೆಣ್ಣೆ 300, ಎಳ್ಳು, ಜೀರಿಗೆ, ಇಂಗು, ಉಪ್ಪು ಸೇರಿ 60, ಗಿರಣಿಗೆ 40. ಎಣ್ಣೆ ಬಾಣಲೆಗೆ ಜಾಸ್ತಿ ಹಾಕುತ್ತೇವೆ. ಆದರೆ ಚಕ್ಕುಲಿ ಹೀರಿದ್ದು ಮತ್ತು ಕೊನೆಗೆ ಚೆಲ್ಲುವುದು ಸೇರಿ ಲೆಕ್ಕಕ್ಕೆ ಬರುವುದು 2 ಲೀಟರ್, ಅಂದರೆ 280. ಒಟ್ಟು ಸಾಮಾನು 1,040 ರೂಪಾಯಿ. ಗ್ಯಾಸಿಗೆ 180, ಕವರ್ ಮತ್ತು ಲೇಬಲ್‌ಗೆ 144. ಇಲ್ಲಿಗೇ 1,364 ಆಯಿತು.

ಕರಿದು ತೂಗಿದರೆ ಆರೂವರೆ ಕೆಜಿ ಬರುತ್ತದೆ. ಮುರಿದದ್ದು ತೆಗೆದರೆ ಮಾರಲು 6 ಕೆಜಿ. 280ರಂತೆ ಕೈಗೆ ಬಂದಿದ್ದು 1,680. ಉಳಿದಿದ್ದು 316 ರೂಪಾಯಿ. ಮೂವರು ಐದೈದು ಗಂಟೆ ಒಲೆ ಮುಂದೆ ಬೆಂದಿದ್ದಕ್ಕೆ ಗಂಟೆಗೆ 21 ರೂಪಾಯಿ! ನಮ್ಮ ಸಂಘದ ಹಿರಿಯಕ್ಕ ಒಬ್ಬರು ಆ ಅಂಕಿ ನೋಡಿ, ‘ಅಡಿಕೆ ಸುಲಿಯೋಕೆ ಹೋಗಿದ್ರೂ ಇದರ ಎರಡರಷ್ಟು ಬರ್ತಿತ್ತಲ್ಲೇ’ ಅಂದರು.

ಆಮೇಲೆ ಕೂಲಿಯನ್ನೂ ಖರ್ಚಿನ ಸಾಲಿಗೇ ಸೇರಿಸಿದೆವು. ಗಂಟೆಗೆ 60 ರೂಪಾಯಿಯಂತೆ 15 ಗಂಟೆಗೆ 900. ಒಟ್ಟು 2,264. ಅದರ ಮೇಲೆ ಹತ್ತನೇ ಒಂದು ಭಾಗ ಸಂಘದ ನಿಧಿಗೆ. ಅಲ್ಲಿಗೆ ಸುಮಾರು 2,490. ಆರು ಕೆಜಿಗೆ ಹಂಚಿದರೆ ಕೆಜಿಗೆ 415 ಬೀಳುತ್ತದೆ. ನಾವು ಕಾಲು ಕೆಜಿ ಪ್ಯಾಕೆಟ್‌ಗೆ 105 ರೂಪಾಯಿ ಅಂತ ನಿಗದಿ ಮಾಡಿದೆವು. ಗಿರಾಕಿ ಹೋಗಿಬಿಡ್ತಾರೆ ಅಂತ ಅರ್ಧ ಜನಕ್ಕೆ ಹೆದರಿಕೆ. ಕೆಲವರು ಹೋದರು, ನಿಜ. ಬೆಣ್ಣೆ ಹಾಕಿದ್ದೀರಾ, ಎಣ್ಣೆ ಎಷ್ಟು ಸಲ ಕಾಯಿಸುತ್ತೀರಿ ಅಂತ ಕೇಳುವವರು ಉಳಿದರು. ಇವತ್ತಿಗೂ ‘ಬೇಕರಿಗಿಂತ ಜಾಸ್ತಿ ಯಾಕೆ’ ಅಂದವರಿಗೆ ಈ ಲೆಕ್ಕದ ಹಾಳೆಯ ಫೋಟೋನೇ ಕಳಿಸುತ್ತೇನೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಎಣ್ಣೆ, ಬೇಳೆ ದರ ಏರಿಳಿಯುವುದರಿಂದ ಮೂರು ತಿಂಗಳಿಗೊಮ್ಮೆ ಹಾಳೆ ಹೊಸದಾಗಿ ಬರೆಯುತ್ತೇವೆ.

ಆರ್ಡರ್‌ಗೆ ಈಗ ಒಂದೇ ನಂಬರ್, ಒಂದೇ ಪುಸ್ತಕ. ಫೋನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದಿಲ್ಲ, ಮೆಸೇಜ್‌ನಲ್ಲೇ ಬರಬೇಕು. ನಾವು ಒಟ್ಟು ಮೊತ್ತ ಹಾಕಿ ‘ಸರಿ ಇದೆಯಾ’ ಅಂತ ಕೇಳುತ್ತೇವೆ. ಅವರು ಹೂಂ ಅಂದ ಮೇಲೆ ದುಡ್ಡು ಕಳಿಸಬೇಕು. ದುಡ್ಡು ಬಂದ ಮೇಲೆಯೇ ಪುಸ್ತಕದಲ್ಲಿ ನಂಬರ್ ಬೀಳುವುದು. ವಯಸ್ಸಾದವರಿಗೆ ಮೆಸೇಜ್ ಮಾಡಲು ಬರುವುದಿಲ್ಲ, ಅವರು ಮೊಮ್ಮಕ್ಕಳ ಕೈಲಿ ಮಾಡಿಸುತ್ತಾರೆ. ಭಾನುವಾರ ರಾತ್ರಿ 8ಕ್ಕೆ ಆರ್ಡರ್ ಬಂದ್. ಸೋಮವಾರ ಹಿಟ್ಟು ಮಾಡಿಸಿ ಮಂಗಳವಾರ ಕರಿಯುತ್ತೇವೆ, ಬುಧವಾರ ಕೊಡುತ್ತೇವೆ. ವಾರಕ್ಕೆ 12 ಕೆಜಿ ಚಕ್ಕುಲಿ, ಅಷ್ಟೇ. ಹದಿಮೂರನೇ ಕೆಜಿಗೆ ಹೊರಟರೆ ಕೈ ಸೋತು ಒರಳು ಒತ್ತುವುದು ಸರಿಯಾಗುವುದಿಲ್ಲ, ಸುತ್ತು ಬಿಟ್ಟುಕೊಳ್ಳುತ್ತದೆ.

ಪ್ಯಾಕ್ ಮಾಡುವಾಗ ಅವಸರ ಬೇಡ. ಒಮ್ಮೆ ಬೆಚ್ಚಗಿದ್ದಾಗಲೇ ಕವರ್‌ಗೆ ತುಂಬಿ ಸೀಲ್ ಮಾಡಿದ್ದೆವು. ಒಳಗೆ ಬೆವರಿದಂತೆ ಹನಿ ಕೂತು, ಮರುದಿನಕ್ಕೆ ಚಕ್ಕುಲಿ ಮೆತ್ತಗೆ. ಈಗ ಅಗಲ ತಟ್ಟೆಯಲ್ಲಿ ಎರಡು ಗಂಟೆ ಆರಿಸುತ್ತೇವೆ. ಒಂದನ್ನು ಮುರಿದಾಗ ಟಪ್ ಅಂತ ಸದ್ದು ಬಂದರೆ ಮಾತ್ರ ಕವರ್ ಮುಟ್ಟುತ್ತೇವೆ.

ಮಿಡಿ ಉಪ್ಪಿನಕಾಯಿಯದ್ದು ಬೇರೆಯೇ ಕಥೆ. ಮಿಡಿ ಸಿಗುವುದು ಬೇಸಿಗೆಯ ಶುರುವಿನಲ್ಲಿ ಕೆಲವು ವಾರ ಮಾತ್ರ. ಹರಳುಪ್ಪು ಹಾಕಿ ಭರಣಿಯಲ್ಲಿಟ್ಟು, ಅದು ನೀರು ಬಿಟ್ಟು ಚಿರುಟಿದ ಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ, ಮೆಣಸು ರುಬ್ಬಿ ಹಾಕುತ್ತೇವೆ. ನಮ್ಮ ಕಡೆ ಇದಕ್ಕೆ ಎಣ್ಣೆ ಇಲ್ಲ. ವರ್ಷಕ್ಕೆ 60 ಬಾಟಲಿ ಆಗುತ್ತದೆ. ಮುಗಿದರೆ ಮುಂದಿನ ವರ್ಷವೇ.

ಮೊದಲ ವರ್ಷ ಬೆಂಗಳೂರಿಗೆ ಬಸ್ಸಿನ ಪಾರ್ಸೆಲ್‌ನಲ್ಲಿ ಆರು ಬಾಟಲಿ ಕಳಿಸಿದ್ದೆವು. ಕುತ್ತಿಗೆವರೆಗೆ ತುಂಬಿದ್ದೆವು. ಎರಡು ಬಾಟಲಿಯ ಮುಚ್ಚಳ ಉಬ್ಬಿ ರಸ ಹೊರಬಂದು, ಪಕ್ಕದವರ ಬಟ್ಟೆಯ ಗಂಟೂ ಕೆಂಪಾಯಿತು. ಆ ಬಟ್ಟೆಗೆ ದುಡ್ಡು ಕೊಟ್ಟೆವು. ಉಳಿದ ಭರಣಿ ತೆಗೆದು ನೋಡಿದರೆ ಮೇಲೆ ಸಣ್ಣ ಗುಳ್ಳೆಗಳು, ಮಿಡಿ ಒತ್ತಿದರೆ ಮೆತ್ತಗೆ. ಆ ಭರಣಿಗೆ ಉಪ್ಪು ಕಡಿಮೆ ಬಿದ್ದಿತ್ತು, ಹುಳಿ ಬಂದಿತ್ತು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದೆವು. ಈಗ ಬಾಟಲಿಯಲ್ಲಿ ಮೇಲೆ ಒಂದು ಇಂಚು ಜಾಗ ಬಿಡುತ್ತೇವೆ. ಕಳಿಸುವ ಮುಂಚಿನ ರಾತ್ರಿ ಬಾಟಲಿಗಳನ್ನು ಪೇಪರ್ ಮೇಲೆ ತಲೆಕೆಳಗೆ ಇಡುತ್ತೇವೆ. ಬೆಳಗ್ಗೆ ಪೇಪರ್ ಮೇಲೆ ಸಣ್ಣ ಕಲೆ ಇದ್ದರೂ ಆ ಬಾಟಲಿ ಹೋಗುವುದಿಲ್ಲ.

ದೂರದ ಊರಿಗೆ ಉಪ್ಪಿನಕಾಯಿಯನ್ನು ಗಾಜಿನಲ್ಲಿ ಕಳಿಸುವುದನ್ನು ನಿಲ್ಲಿಸಿದೆವು, ದಪ್ಪ ಪೌಚ್ ಮಾತ್ರ. ಚಕ್ಕುಲಿಯನ್ನು ದೂರಕ್ಕೆ ಕಳಿಸುವುದೇ ಇಲ್ಲ. ಅಲ್ಲಿಗೆ ಮುಟ್ಟುವಾಗ ಅದು ಪುಡಿ. ಕೋಡುಬಳೆ ಗಟ್ಟಿ, ಅದು ಹೋಗುತ್ತದೆ.

ಈಗ ನಾವು ಹಾಕುವ ಪ್ರಕಟಣೆ ಹೀಗಿದೆ:

‘ಈ ವಾರ: ಚಕ್ಕುಲಿ ಕಾಲು ಕೆಜಿ 105 ರೂ., ಒಟ್ಟು 48 ಪ್ಯಾಕೆಟ್ ಮಾತ್ರ. ಅಕ್ಕಿ, ಉದ್ದು, ಬೆಣ್ಣೆ, ಎಳ್ಳು ಇದೆ. 15 ದಿನದೊಳಗೆ ತಿನ್ನಿ. ಮೆಸೇಜ್‌ನಲ್ಲಿ ಹೆಸರು, ಊರು, ಎಷ್ಟು ಪ್ಯಾಕೆಟ್ ಅಂತ ಬರೆಯಿರಿ. ಭಾನುವಾರ ರಾತ್ರಿ 8ರವರೆಗೆ. ನಾವು ಒಟ್ಟು ಮೊತ್ತ ಹೇಳಿ, ನೀವು ಹೂಂ ಅಂದ ಮೇಲೆ ದುಡ್ಡು ಕಳಿಸಿ. ಬುಧವಾರ ಸಂಜೆ 6 ಕಿ.ಮೀ. ಒಳಗೆ, 300 ರೂ. ಮೇಲಿನ ಆರ್ಡರ್ ಮನೆಗೆ ತಂದುಕೊಡುತ್ತೇವೆ. ಉಳಿದವರು ಸಂಘದ ಮನೆಗೆ ಬಂದು ತೆಗೆದುಕೊಳ್ಳಿ. ಸೋಮವಾರ ಬೆಳಗ್ಗೆವರೆಗೆ ಬೇಡ ಅಂದರೆ ದುಡ್ಡು ವಾಪಸ್, ಆಮೇಲೆ ಇಲ್ಲ.’

6 ಕಿ.ಮೀ. ಅಂತ ಯಾಕೆ? ಸ್ಕೂಟಿ ಇರುವುದು ನಮ್ಮಲ್ಲಿ ಇಬ್ಬರಿಗೆ. ಕತ್ತಲಾಗುವುದರೊಳಗೆ ಇಬ್ಬರೂ ಮನೆ ಸೇರಬೇಕು. ಒಂದು ಸಂಜೆ ಸುತ್ತಿ ನೋಡಿಯೇ ಆ ಗಡಿ ಹಾಕಿದ್ದು. ಮಳೆಗಾಲದಲ್ಲಿ ಅದನ್ನು 3ಕ್ಕೆ ಇಳಿಸುತ್ತೇವೆ, ಹಾಗಂತ ಪ್ರಕಟಣೆಯಲ್ಲೂ ಬರೆಯುತ್ತೇವೆ.

ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಕಟ್ಟಿದ್ದೇವೆ. ಅದರ 14 ಅಂಕಿಯ ನಂಬರ್, ತಯಾರಿಸಿದ ದಿನ, ತೂಕ, ಹಸಿರು ಚುಕ್ಕೆ ಎಲ್ಲಾ ಲೇಬಲ್ ಮೇಲಿರುತ್ತದೆ. ಉಪ್ಪಿನಕಾಯಿ ಲೇಬಲ್‌ನಲ್ಲಿ ಒಂದು ಸಾಲು ಜಾಸ್ತಿ: ‘ಒದ್ದೆ ಚಮಚ ಹಾಕಬೇಡಿ.’ ಆ ಸಾಲು ಸೇರಿಸಿದ ಮೇಲೆ ‘ಬೂಸ್ಟು ಬಂತು’ ಅನ್ನುವ ದೂರು ಒಂದೇ ಒಂದು ಬಂದಿದೆ. ಆ ಬಾಟಲಿ ಬದಲಿಸಿ ಕೊಟ್ಟೆವು.