ಗಂಟೆಗೆ ಮಷಿನ್ನೋ, ದಿನಕ್ಕೆ ಆಳೋ? ಭತ್ತದ ಗದ್ದೆಯಲ್ಲೇ ಲೆಕ್ಕ ಹಾಕಿ

ಕೊಯ್ಲು ಬಂತೆಂದರೆ ಅಂಕೋಲಾ, ಕುಮಟಾ ಕಡೆ ಪ್ರತಿ ಮನೆಯ ಜಗಲಿಯಲ್ಲೂ ಇದೇ ಮಾತು. ಕೊಯ್ದು ಬಡಿಯುವ ಮಷಿನ್ ತಂದರೆ ಕಾಳೆಲ್ಲ ಗದ್ದೆಗೇ ಹೋಗುತ್ತದೆ ಎಂದು ಒಬ್ಬರು, ಆಳು ಹಿಡಿದರೆ ಭತ್ತದ ದುಡ್ಡೆಲ್ಲ ಕೂಲಿಗೇ ಹೋಗುತ್ತದೆ ಎಂದು ಇನ್ನೊಬ್ಬರು. ನಾನೂ ವರ್ಷಗಟ್ಟಲೆ ಇದನ್ನು ಕೇಳಿಕೊಂಡೇ ಬಂದವನು. ಒಂದು ಸಲ ಅಳೆದೇ ನೋಡೋಣ ಎನಿಸಿತು. ನಮ್ಮ ಒಂದು ಎಕರೆಯಲ್ಲಿ 20 ಗುಂಟೆ ಮಷಿನ್ನಿಗೆ, 20 ಗುಂಟೆ ಕತ್ತಿಗೆ ಬಿಟ್ಟೆ. ಎರಡೂ ಕಡೆ ಜಯಾ ಭತ್ತ, ಒಂದೇ ವಾರದ ನಾಟಿ. ಇಲ್ಲಿರುವ ದರಗಳು ನಾನು ಕೊಟ್ಟವು. ನಿಮ್ಮೂರಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಿ.

ಮೊದಲು ಬೇಕಾದದ್ದು ಒಂದು ಚೌಕಟ್ಟು. ನಾಲ್ಕು ಬಿದಿರು ಕಡ್ಡಿ ಕಟ್ಟಿ, ಒಳಅಳತೆ ಉದ್ದಕ್ಕೂ ಅಗಲಕ್ಕೂ ಅರ್ಧ ಮೀಟರ್ ಬರುವಂತೆ ಮಾಡಿಕೊಳ್ಳಿ. ಸಾವಿರ ಕಾಳು ಭತ್ತ ಸುಮಾರು 25 ಗ್ರಾಂ ತೂಗುತ್ತದೆ. ಒಂದು ಗುಂಟೆ ಅಂದರೆ ನೂರು ಚದರ ಮೀಟರ್‌ಗೆ ಸ್ವಲ್ಪ ಜಾಸ್ತಿ. ಇವೆರಡನ್ನೂ ಕೂಡಿಸಿದರೆ ಲೆಕ್ಕ ಬಾಯಲ್ಲೇ ಮಾಡುವಷ್ಟು ಸುಲಭ: ಚೌಕಟ್ಟಿನೊಳಗೆ ಒಂದು ಕಾಳು ಸಿಕ್ಕರೆ ಗುಂಟೆಗೆ 10 ಗ್ರಾಂ ನಷ್ಟ. ನೂರು ಕಾಳು ಸಿಕ್ಕರೆ ಗುಂಟೆಗೆ ಒಂದು ಕಿಲೋ. ಜಯಾದಂಥ ದಪ್ಪ ಕಾಳಿಗೆ ಇದಕ್ಕಿಂತ ತುಸು ಜಾಸ್ತಿಯೇ ಆಗುತ್ತದೆ. ಎಣಿಸುವಾಗ ತುಂಬಿದ ಕಾಳು ಮಾತ್ರ ಹಿಡಿಯಿರಿ, ಜೊಳ್ಳು ಬಿಡಿ.

ಕೊಯ್ಯುವ ಮೊದಲೇ ನಿಂತ ಪೈರಿನ ನಡುವೆ ಐದಾರು ಕಡೆ ಚೌಕಟ್ಟು ಇಟ್ಟು ಎಣಿಸಿ. ಗಾಳಿಗೆ, ಹಕ್ಕಿಗೆ, ಬಲಿತು ತಾನಾಗಿ ಉದುರಿದ ಕಾಳು ಅದು. ನಮ್ಮಲ್ಲಿ ಸರಾಸರಿ 8 ಕಾಳು ಇತ್ತು. ಇದನ್ನು ಮುಂದಿನ ಪ್ರತಿ ಎಣಿಕೆಯಲ್ಲೂ ಕಳೆಯಬೇಕು. ಇಲ್ಲದಿದ್ದರೆ ಗಾಳಿಯ ತಪ್ಪು ಮಷಿನ್ನಿನ ತಲೆಗೆ ಬರುತ್ತದೆ.

ಮಷಿನ್ ಬಂದ ದಿನ ಮೊದಲ ತುಂಡಿನಲ್ಲಿ ಒಂದು ಸಾಲು ಕೊಯ್ದ ಮೇಲೆ ಡ್ರೈವರ್‌ಗೆ ನಿಲ್ಲಿಸಲು ಹೇಳಿದೆ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಹಿಂದೆ ಬಿದ್ದ ಹುಲ್ಲಿನ ರಾಶಿ ಎತ್ತಿ, ಅದರಡಿ ಕಾಳು ಕಂಡು ಅಯ್ಯೋ ಎನ್ನುತ್ತಾರೆ. ಮಷಿನ್ ಕೊಯ್ಯುವುದು ಎರಡು ಮೀಟರ್ ಅಗಲ, ಹುಲ್ಲು ಉದುರಿಸುವುದು ಅದರ ಅರ್ಧ ಅಗಲದಲ್ಲಿ. ಅಲ್ಲಿ ಕಾಳು ಒಟ್ಟುಗೂಡಿರುತ್ತದೆ ಅಲ್ವಾ? ಅದಕ್ಕೇ ಕೊಯ್ದ ಅಗಲದುದ್ದಕ್ಕೂ ಚೌಕಟ್ಟನ್ನು ಪಕ್ಕಪಕ್ಕಕ್ಕೆ ನಾಲ್ಕು ಸಲ ಇಡಬೇಕು. ಹುಲ್ಲನ್ನು ಅಲ್ಲೇ ಚೆನ್ನಾಗಿ ಕೊಡವಿ ತೆಗೆದು ಎಣಿಸಬೇಕು. ನಮಗೆ ಸಿಕ್ಕಿದ್ದು 41, 205, 190, 36. ಸರಾಸರಿ 118, ಅದರಲ್ಲಿ 8 ಕಳೆದರೆ 110. ಅಂದರೆ ಗುಂಟೆಗೆ 1.1 ಕಿಲೋ.

ಇದು ಎಲ್ಲಿಂದ ಬಿತ್ತು ಎಂದು ತಿಳಿಯದೆ ಬಿಡಬೇಡಿ. ಮಷಿನ್ನನ್ನು ಸ್ವಲ್ಪ ಹಿಂದಕ್ಕೆ ತೆಗೆಸಿ, ಕೊಯ್ದು ಮುಗಿದ ಜಾಗಕ್ಕೂ ನಿಂತ ಪೈರಿಗೂ ನಡುವೆ ಎಣಿಸಿ. ಅಲ್ಲಿ ಇನ್ನೂ ಹಿಂದಿನ ಹುಲ್ಲು ಬಿದ್ದಿರುವುದಿಲ್ಲ, ಕಾಣುವುದೆಲ್ಲ ಮುಂದಿನ ರೀಲು ಮತ್ತು ಬ್ಲೇಡು ಉದುರಿಸಿದ್ದು. ನಮ್ಮಲ್ಲಿ 8 ಕಳೆದು 20 ಬಂತು. ಉಳಿದ 90 ಹಿಂದಿನಿಂದ ಬಿದ್ದದ್ದು ಎಂದಾಯಿತು. ಆ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ತೆನೆಗೆ ಅಂಟಿಕೊಂಡ ಕಾಳು ಇದ್ದಿದ್ದರೆ ಒಳಗಿನ ಡ್ರಮ್ಮು ಸರಿಯಾಗಿ ಬಡಿದಿಲ್ಲ ಎಂದರ್ಥ. ಇವು ಬಿಡಿಬಿಡಿಯಾದ, ತುಂಬಿದ ಕಾಳು. ಫ್ಯಾನು ಜೋರಾಗಿದೆ, ಇಲ್ಲವೇ ಮಷಿನ್ ಓಡುವ ವೇಗಕ್ಕೆ ಒಳಗೆ ಹುಲ್ಲು ತುಂಬಿ ಕಾಳು ಬೇರೆಯಾಗಲು ಸಮಯ ಸಾಲುತ್ತಿಲ್ಲ.

ಡ್ರೈವರ್‌ಗೆ ಕಾಳು ತೋರಿಸಿ ನಿಧಾನವಾಗಿ ಹೇಳಿದೆ. ಆ ತುಂಡು ಮುಗಿಸಿದ ಮೇಲೆ ಅವರು ಫ್ಯಾನಿನ ಗಾಳಿ ಕಡಿಮೆ ಮಾಡಿ, ಗೇರು ಒಂದು ಇಳಿಸಿದರು. ಮುಂದಿನ ತುಂಡಿನಲ್ಲಿ ಸರಾಸರಿ 70, ಕಳೆದರೆ 62. ಮೊದಲ 5 ಗುಂಟೆಯಲ್ಲಿ ಐದೂವರೆ ಕಿಲೋ, ಉಳಿದ 15 ಗುಂಟೆಯಲ್ಲಿ ಒಂಬತ್ತು ಚಿಲ್ಲರೆ. ಒಟ್ಟು ಸುಮಾರು 15 ಕಿಲೋ.

ಇನ್ನು ಕೈಕೊಯ್ಲು. ಅಲ್ಲಿ ಕಾಳು ಒಂದೇ ಕಡೆ ಬೀಳುವುದಿಲ್ಲ, ಹೀಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಯ್ದು ಎರಡು ದಿನ ಒಣಗಲು ಬಿಟ್ಟು ಸೂಡಿ ಕಟ್ಟಿ ಎತ್ತಿದ ಮೇಲೆ ಗದ್ದೆಯಲ್ಲಿ ಚೌಕಟ್ಟು ಇಟ್ಟೆ. 8 ಕಳೆದು 50, ಅಂದರೆ 20 ಗುಂಟೆಗೆ 10 ಕಿಲೋ. ಬಡಿದಾದ ಮೇಲೆ ಹತ್ತು ಸೂಡಿ ಬಿಚ್ಚಿ, ಹುಲ್ಲಲ್ಲಿ ಉಳಿದ ಕಾಳು ಕೈಯಿಂದ ಉಜ್ಜಿ ತೆಗೆದರೆ 100 ಗ್ರಾಂ. ಸೂಡಿ 300 ಇದ್ದವು, ಅಲ್ಲಿಗೆ 3 ಕಿಲೋ. ಹೊರೆ ಇಳಿಸುವಲ್ಲಿ ತಾಡಪತ್ರಿ ಹಾಸಿ ಗುಡಿಸಿದ್ದು, ದಾರಿಯಲ್ಲಿ ಕಂಡದ್ದು ಸೇರಿ ಒಂದು ಕಿಲೋ. ಒಟ್ಟು 14. ಹದಿನೈದಕ್ಕೂ ಹದಿನಾಲ್ಕಕ್ಕೂ ಜಗಳ ಆಡುವಂಥದ್ದೇನಿಲ್ಲ. ಆದರೆ ಆ ದಿನ ನಿಲ್ಲಿಸಿ ಎಣಿಸದಿದ್ದರೆ ಮಷಿನ್ನಿನದು 22 ಕಿಲೋ ಆಗುತ್ತಿತ್ತು.

ಎರಡೂ ಕಡೆಯ ಭತ್ತವನ್ನು ಚೀಲದಲ್ಲಿ ತೂಗಿ ಹೋಲಿಸುವವರು ಒಣಗಿಸಿದ ಮೇಲೆಯೇ ತೂಗಬೇಕು. ಮಷಿನ್ನಿನ ಭತ್ತ ಹಸಿಯಾಗಿರುತ್ತದೆ. 22 ಶೇಕಡಾ ತೇವ ಇದ್ದ 100 ಕಿಲೋ ಭತ್ತ 14 ಶೇಕಡಾಕ್ಕೆ ಒಣಗಿದರೆ 91 ಕಿಲೋ ಆಗುತ್ತದೆ. ಎಣಿಸಿದ ನಷ್ಟಕ್ಕಿಂತ ಈ ವ್ಯತ್ಯಾಸವೇ ಎಷ್ಟೋ ದೊಡ್ಡದು.

ಈಗ ಸಮಯ ಮತ್ತು ದುಡ್ಡು. ಮಷಿನ್ ಗದ್ದೆಗೆ ಇಳಿದ ಹೊತ್ತು, ಪ್ರತಿ ತುಂಡು ಮುಗಿದ ಹೊತ್ತು ಬರೆದಿಡಿ. ಮಷಿನ್ನಿನಲ್ಲೇ ಇರುವ ಗಂಟೆ ಮೀಟರನ್ನೂ ಮೊದಲೂ ಕೊನೆಗೂ ನೋಡಿ. ದಾರಿಯಲ್ಲಿ ಬರುವ ಹೊತ್ತು, ರಿಪೇರಿಯ ಹೊತ್ತು ಯಾರ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮ ನಾಲ್ಕು ತುಂಡಿಗೆ ಹಿಡಿದದ್ದು 70 ನಿಮಿಷ. ಅದರಲ್ಲಿ ಕೊಯ್ದದ್ದು 35 ನಿಮಿಷ ಮಾತ್ರ. ತಿರುಗಿಸುವುದು, ಅಂಚು ದಾಟುವುದಕ್ಕೆ 25, ಭತ್ತ ಖಾಲಿ ಮಾಡಲು 10. ಗಂಟೆಗೆ 2,500ರಂತೆ 2,917 ರೂಪಾಯಿ. ಮೂಲೆಗಳನ್ನು ಮೊದಲೇ ಕತ್ತಿಯಿಂದ ಬಿಡಿಸಲು, ಚೀಲ ಹಿಡಿಯಲು ಇಬ್ಬರ ಅರ್ಧ ದಿನದ ಕೂಲಿ 550. ಒಟ್ಟು 3,467.

ಕೈಕೊಯ್ಲಿಗೆ ಐದು ಹೆಂಗಸರು ಒಂದು ದಿನ, ಕಟ್ಟಿ ಹೊರಲು ಇಬ್ಬರು ಗಂಡಸರು, ಬಡಿದು ತೂರಲು ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಹೆಂಗಸರಿಗೆ 450, ಗಂಡಸರಿಗೆ 650 ಹಿಡಿದರೆ 5,750 ರೂಪಾಯಿ, ಐದು ದಿನ. ಮೇಲ್ನೋಟಕ್ಕೆ ಮಷಿನ್ನಿಗೆ 2,283 ಲಾಭ. ಆದರೆ 300 ಸೂಡಿ ಒಳ್ಳೆಯ ಹುಲ್ಲು ಕೈಕೊಯ್ಲಿನ ಪಾಲು. ಸೂಡಿಗೆ 4 ರೂಪಾಯಿ ಅಂದರೂ 1,200. ಮಷಿನ್ನಿನ ಹುಲ್ಲು ತುಳಿದು ಮುರಿದಿರುತ್ತದೆ, ಕಟ್ಟಲು ಬರುವುದಿಲ್ಲ, ನಾನು ಅದಕ್ಕೆ ಬೆಲೆ ಹಿಡಿದಿಲ್ಲ. ಉಳಿದದ್ದು 1,083.

ಮಷಿನ್ನಿನ ಒಂದು ನಿಮಿಷಕ್ಕೆ ಸುಮಾರು 42 ರೂಪಾಯಿ. ಹಾಗಾದರೆ ಇನ್ನು 26 ನಿಮಿಷ ಜಾಸ್ತಿ ಹಿಡಿದರೆ ಆ 1,083 ಕರಗಿತು. ನಮ್ಮ 20 ಗುಂಟೆ ನಾಲ್ಕು ತುಂಡಿನ ಬದಲು ಎಂಟು ತುಂಡಾಗಿದ್ದರೆ ಅಂಚು ದಾಟುವುದರಲ್ಲೇ ಅದು ಹೋಗುತ್ತಿತ್ತು. ಪೈರು ಮಲಗಿದ್ದರೂ ಅಷ್ಟೇ, ಡ್ರೈವರ್ ನಿಧಾನವಾಗಿಯೇ ಹೋಗಬೇಕು. ಹತ್ತು ದಿನ ಮೊದಲೇ ಗದ್ದೆಯ ನೀರು ಹೊರಗೆ ಬಿಟ್ಟಿರದಿದ್ದರೆ ಚೈನ್ ಮಷಿನ್ ಕೂಡ ಹೂಳುತ್ತದೆ. ಅಘನಾಶಿನಿ ನದಿಯ ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತಕ್ಕಂತೂ ಈ ಲೆಕ್ಕವೇ ಬೇಡ, ಆ ಕೆಸರಿಗೆ ಮಷಿನ್ ಇಳಿಯುವುದೇ ಇಲ್ಲ.

ಒಂದು ವಿಷಯ ಮಾತ್ರ ಚೌಕಟ್ಟಿಗೆ ಸಿಗುವುದಿಲ್ಲ. ಅಕ್ಟೋಬರ್ ಕೊನೆಗೆ ಮೋಡ ಕಟ್ಟಿದರೆ, ಕೊಯ್ದು ಹಾಸಿದ ಭತ್ತ ಆ ಎರಡು ದಿನ ಮಳೆಯ ಕೈಯಲ್ಲಿರುತ್ತದೆ. ನೆನೆದರೆ ಗದ್ದೆಯಲ್ಲೇ ಮೊಳಕೆ. ಅಂಥ ವಾರ ನಾನು ನಿಮಿಷ ಎಣಿಸದೆ ಮಷಿನ್ನಿಗೇ ಫೋನ್ ಮಾಡುತ್ತೇನೆ. ಆಗಲೂ ಮೊದಲ ಸಾಲಿಗೆ ನಿಲ್ಲಿಸಿ ಚೌಕಟ್ಟು ಇಡುತ್ತೇನೆ.